ಕಪಾಟಿಗೆ ಪ್ಲೈವುಡ್ಡೋ ಎಂಡಿಎಫ್ಫೋ? ಕಾಸರಗೋಡಿನ ಮಳೆಗಾಲಕ್ಕೆ ತಾಳುವ ಲೆಕ್ಕ

ಮಲಗುವ ಕೋಣೆಗೊಂದು ಕಪಾಟು ಬೇಕೆಂದರೆ ಆಚಾರಿ "ಪ್ಲೈವುಡ್ಡೇ ಹಾಕಿಸಿ" ಅನ್ನುತ್ತಾರೆ, ಇಂಟೀರಿಯರ್ ಕೆಲಸದವರು "ಎಂಡಿಎಫ್ ಸಾಕು, ಫಿನಿಶಿಂಗ್ ನೋಡಿ ಹೇಗೆ ಬರುತ್ತದೆ" ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಡೀ ಕಪಾಟಿಗೆ ಒಂದೇ ಹಲಗೆ ಎಂದು ನಿರ್ಧರಿಸಿ ಹೊರಟರೆ ಎಲ್ಲೋ ಒಂದು ಕಡೆ ಪೆಟ್ಟು ಬೀಳುತ್ತದೆ. ಕಪಾಟಿನ ಬುಡಕ್ಕೂ ಬೆನ್ನಿಗೂ ತೇವದ ಕಾಟ, ಒಳಗಿನ ಅಡ್ಡಹಲಗೆಗೆ ಭಾರದ ಕಾಟ, ಬಾಗಿಲಿಗೆ ಸೊಟ್ಟಗಾಗುವ ಕಾಟ. ಒಂದೊಂದು ಭಾಗಕ್ಕೆ ಬೇಕಾದ ಗುಣ ಬೇರೆಯಾದ್ದರಿಂದ ಹಲಗೆಯನ್ನೂ ಭಾಗ ಭಾಗಕ್ಕೇ ಆರಿಸಬೇಕು.

ಲೆಕ್ಕ ಕಣ್ಣಿಗೆ ಕಟ್ಟಲಿ ಎಂದು ಒಂದು ಕಪಾಟನ್ನೇ ಹಿಡಿದು ಹೋಗೋಣ. ಕುಂಬಳೆ, ಉಪ್ಪಳದ ಕಡೆ ಸಾಮಾನ್ಯವಾಗಿ ಕಾಣುವ ಮುರಕಲ್ಲಿನ ಮನೆ, ಪಡುವಣ ಗೋಡೆಗೆ ಒರಗುವ ಕಪಾಟು. ಅಗಲ 6 ಅಡಿ, ಎತ್ತರ 7 ಅಡಿ, ಬಾಗಿಲು ಬಿಟ್ಟು ಆಳ 22 ಇಂಚು. ಬುಡದಲ್ಲಿ 4 ಇಂಚಿನ ಕಟ್ಟೆ, ಅದರ ಮೇಲೆ 80 ಇಂಚಿನ ಪೆಟ್ಟಿಗೆ.

ಮೊದಲು ಗೋಡೆ ನೋಡಿ

ಅಂಗಡಿಗೆ ಹೋಗುವ ಮೊದಲು ಮಾಡಬೇಕಾದ ಪರೀಕ್ಷೆಗೆ ಖರ್ಚೇ ಇಲ್ಲ. ಎರಡಡಿ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಕಪಾಟು ಬರುವ ಜಾಗದಲ್ಲಿ, ನೆಲದಿಂದ ಒಂದಡಿ ಮೇಲೆ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಎರಡು ದಿನ ಬಿಟ್ಟು ಬಿಡಿಸಿ. ಹಾಳೆಯ ಒಳಬದಿಯಲ್ಲಿ, ಅಂದರೆ ಗೋಡೆಯ ಕಡೆ, ನೀರಹನಿ ಕಂಡರೆ ತೇವ ಗೋಡೆಯೊಳಗಿಂದಲೇ ಬರುತ್ತಿದೆ. ಹನಿ ಕೋಣೆಯ ಕಡೆ ಮಾತ್ರ ಇದ್ದರೆ ಅದು ಗಾಳಿಯ ತೇವ. ಬೇಸಿಗೆಯಲ್ಲಿ ಎಲ್ಲ ಗೋಡೆಯೂ ಪಾಸಾಗುತ್ತದೆ. ಆಟಿ ತಿಂಗಳಲ್ಲಿ, ಪಡುವಣ ಗಾಳಿಗೆ ಮಳೆ ಗೋಡೆಗೆ ಬಡಿಯುವಾಗ ಮಾಡಿದ ಪರೀಕ್ಷೆಗೇ ಬೆಲೆ.

ಮುರಕಲ್ಲಿನಲ್ಲಿ ಸಣ್ಣ ಸಣ್ಣ ತೂತು ಬಹಳ, ನೀರು ಹೀರುತ್ತದೆ. ಹೊರಗಡೆ ಸಾರಣೆ ಬಿರುಕು ಬಿಟ್ಟಿದ್ದರೆ ಆ ತೇವ ನಿಧಾನವಾಗಿ ಒಳಗೋಡೆಗೆ ಬರುತ್ತದೆ. ಹೀಗೆ ಬರುವುದು ಗೊತ್ತಾದರೆ ಮೊದಲು ಹೊರಗಿನ ಬಿರುಕು ಮುಚ್ಚಿಸಿ. ಅದನ್ನು ಬಿಟ್ಟು ಕಪಾಟಿಗೆ ಮರೈನ್ ಪ್ಲೈವುಡ್ ತಂದರೆ ಹಲಗೆ ಉಳಿದೀತು, ಒಳಗಿನ ಬಟ್ಟೆಗೆ ಬೂಷ್ಟು ಹಿಡಿಯುವುದು ನಿಲ್ಲುವುದಿಲ್ಲ.

ತೇವ ತಗಲಿದಾಗ ಎರಡರೊಳಗೂ ಏನಾಗುತ್ತದೆ

ಪ್ಲೈವುಡ್ ಎಂದರೆ ತೆಳ್ಳಗೆ ಸುಲಿದ ಮರದ ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ ಇಟ್ಟು ಅಂಟಿಸಿದ್ದು. ಒದ್ದೆಯಾದರೆ ಮರ ಸ್ವಲ್ಪ ಉಬ್ಬುತ್ತದೆ, ಒಣಗಿದರೆ ಬಹುಮಟ್ಟಿಗೆ ಮೊದಲಿನ ದಪ್ಪಕ್ಕೇ ಬರುತ್ತದೆ. ಇಲ್ಲಿ ಕೈಕೊಡುವುದು ಅಂಟು. ಅಂಟು ಸಾಧಾರಣದ್ದಾದರೆ ಪದರ ಬಿಡುತ್ತದೆ, ಮೈಕಾದ ಕೆಳಗೆ ಗುಳ್ಳೆ ಏಳುತ್ತದೆ.

ಎಂಡಿಎಫ್ ಮರದ ನಾರಿನ ಪುಡಿಯನ್ನು ಅಂಟಿನೊಂದಿಗೆ ಬಿಸಿಯಲ್ಲಿ ಒತ್ತಿ ಮಾಡಿದ್ದು. ನಾರು ಅದುಮಿದ ಸ್ಥಿತಿಯಲ್ಲೇ ಇರುತ್ತದೆ. ನೀರು ಸೇರಿದೊಡನೆ ಅದು ಬಿಚ್ಚಿಕೊಳ್ಳುತ್ತದೆ, ಒಣಗಿದ ಮೇಲೆ ಮತ್ತೆ ಅದುಮಿಕೊಳ್ಳಲು ಅದಕ್ಕೆ ದಾರಿಯಿಲ್ಲ. ಹಾಗಾಗಿ ಒಮ್ಮೆ ಉಬ್ಬಿದ ಎಂಡಿಎಫ್ ಉಬ್ಬಿದಂತೆಯೇ ಉಳಿಯುತ್ತದೆ. ಉಬ್ಬಿದ ಜಾಗದಲ್ಲಿ ಸ್ಕ್ರೂ ಹಿಡಿಯುವುದೂ ಇಲ್ಲ, ಬೆರಳಲ್ಲಿ ಕೆರೆದರೆ ಪುಡಿ ಉದುರುತ್ತದೆ.

ಮುಖಕ್ಕಿಂತ ಅಂಚು ಬೇಗ ನೀರು ಕುಡಿಯುತ್ತದೆ. ಎಂಡಿಎಫ್ ಹಲಗೆಯ ಮೇಲ್ಮೈ ಗಟ್ಟಿ, ನಡುಭಾಗ ಸಡಿಲ. ಕತ್ತರಿಸಿದಾಗ ಆ ಸಡಿಲ ಭಾಗವೇ ಹೊರಗೆ ಕಾಣುತ್ತದೆ. ಕಪಾಟು ಹಾಳಾಗುವುದು ಹೆಚ್ಚಾಗಿ ಪಕ್ಕದ ಹಲಗೆಯ ಕೆಳಅಂಚಿನಿಂದ. ಕಣ್ಣಿಗೆ ಬೀಳದ ಅಂಚಾದ್ದರಿಂದ ಅದಕ್ಕೆ ಯಾರೂ ಏನೂ ಹಚ್ಚಿರುವುದಿಲ್ಲ. ದಿನಾ ನೆಲ ಒರೆಸುವ ನೀರು ಅಲ್ಲಿಗೇ ತಗಲುತ್ತದೆ. ಬುಡದಿಂದ ಎರಡು ಇಂಚಿನವರೆಗೆ ಮೈಕಾ ಹೊರಗೆ ಬಾಗಿದ್ದು ಕಂಡರೆ ಕಾರಣ ಇದೇ ಎಂದು ಹೇಳಬಹುದು.

ಅಂಗಡಿಯಲ್ಲಿ "ವಾಟರ್‌ಪ್ರೂಫ್ ಎಂಡಿಎಫ್" ಎಂದು ಹಸಿರು ಬಣ್ಣದ ಹಲಗೆ ತೋರಿಸಿದರೆ ಬಣ್ಣ ನೋಡಿ ನಂಬಬೇಡಿ. ಹಸಿರು ಬರೇ ಗುರುತಿನ ಬಣ್ಣ. ತೇವ ತಡೆಯುವುದು ಒಳಗಿನ ಅಂಟು ಮತ್ತು ಮೇಣ. ಎಚ್‌ಡಿಎಚ್‌ಎಂಆರ್ ಎಂದು ಮಾರುವ ಹೆಚ್ಚು ಸಾಂದ್ರತೆಯ ಹಲಗೆ ಮಾಮೂಲಿ ಎಂಡಿಎಫ್‌ಗಿಂತ ತೇವವನ್ನು ಎಷ್ಟೋ ಚೆನ್ನಾಗಿ ತಡೆಯುತ್ತದೆ, ಆದರೂ ನೀರಿನಲ್ಲಿ ನಿಲ್ಲುವ ವಸ್ತು ಅಲ್ಲ. ಎಲ್ಲದಕ್ಕೂ ಒಂದೇ ಪರೀಕ್ಷೆ: ಮೂರು ಇಂಚಿನ ತುಂಡು ಕೇಳಿ ತನ್ನಿ, ಅಂಚಿನ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು ಬರೆದಿಡಿ, 24 ಗಂಟೆ ಬಕೆಟ್‌ನಲ್ಲಿ ಮುಳುಗಿಸಿ, ತೆಗೆದು ಮತ್ತೆ ಅಳೆಯಿರಿ. 18 ಎಂಎಂ ತುಂಡು 20 ದಾಟಿದ್ದರೆ ಅದನ್ನು ನೆಲದ ಹತ್ತಿರ ಹಾಕಬಾರದು. ಪ್ಲೈವುಡ್ ತುಂಡನ್ನಾದರೆ ನಾಲ್ಕು ಗಂಟೆ ಕುದಿಸಿ, ತಣಿದ ಮೇಲೆ ಅಂಚಿಗೆ ಚಾಕುವಿನ ಮೊನೆ ತೂರಿಸಿ ನೋಡಿ. ಪದರ ಸಲೀಸಾಗಿ ಬಿಟ್ಟುಕೊಂಡರೆ ಮೇಲೆ ಯಾವ ಮುದ್ರೆ ಇದ್ದರೂ ಅದು ಬಿಡಬ್ಲ್ಯೂಆರ್, ಅಂದರೆ ಕುದಿನೀರಿಗೂ ತಡೆಯುವ ದರ್ಜೆಯದು ಅಲ್ಲ.

ಭಾರ: ಖಾನೆಯ ಅಗಲದಲ್ಲೇ ಗುಟ್ಟು

ಬಲದ ಮಾತು ಬಂದಾಗ ಹಲಗೆ ಮುರಿಯುತ್ತದೋ ಎಂದು ಕೇಳುವವರೇ ಹೆಚ್ಚು. ಕಪಾಟಿನ ಅಡ್ಡಹಲಗೆ ಮುರಿಯುವುದು ಅಪರೂಪ, ಅದು ಬಾಗುತ್ತದೆ. ಒಳ್ಳೆಯ ಪ್ಲೈವುಡ್ಡನ್ನು ಅದರ ನಾರಿನ ಉದ್ದಕ್ಕೆ ಬಾಗಿಸಲು ಬೇಕಾದ ಬಲ ಎಂಡಿಎಫ್‌ಗಿಂತ ಎರಡು ಪಟ್ಟಿಗೂ ಹೆಚ್ಚು.

6 ಅಡಿಯ ಕಪಾಟನ್ನು ಎರಡೇ ಖಾನೆ ಮಾಡಿದರೆ ಒಂದೊಂದು ಅಡ್ಡಹಲಗೆ ಸುಮಾರು 3 ಅಡಿ ಬರುತ್ತದೆ. ಅದರ ಮೇಲೆ ನಲವತ್ತು ರೇಷ್ಮೆ ಸೀರೆ ಪೇರಿಸಿದರೆ 30 ಕೆಜಿ ಹತ್ತಿರ. 18 ಎಂಎಂ ಎಂಡಿಎಫ್ ಮೊದಲ ದಿನವೇ ನಡುವೆ ಸುಮಾರು 4 ಎಂಎಂ ತಗ್ಗುತ್ತದೆ, ಪ್ಲೈವುಡ್ 2 ಎಂಎಂ ಒಳಗೆ. ಅಲ್ಲಿಗೇ ನಿಂತರೆ ಚಿಂತೆಯಿರಲಿಲ್ಲ. ಭಾರ ಹೊತ್ತೇ ಇರುವ ಎಂಡಿಎಫ್ ತಿಂಗಳು ಕಳೆದಂತೆ ಇನ್ನೂ ತಗ್ಗುತ್ತದೆ, ತೇವ ಹೆಚ್ಚಿದ ಮಳೆಗಾಲದಲ್ಲಂತೂ ಬೇಗ ತಗ್ಗುತ್ತದೆ. 8 ಎಂಎಂ ತಗ್ಗಿದ ಹಲಗೆ ಬಾಗಿಲು ತೆರೆದ ಕೂಡಲೇ ಕಣ್ಣಿಗೆ ಹೊಡೆಯುತ್ತದೆ.

ಅದೇ ಕಪಾಟನ್ನು ಮೂರು ಖಾನೆ ಮಾಡಿ. ಅಡ್ಡಹಲಗೆ 23 ಇಂಚಿಗೆ ಇಳಿಯುತ್ತದೆ, ಅದರ ಮೇಲೆ 20 ಕೆಜಿ ಇಟ್ಟರೂ ಎಂಡಿಎಫ್ ಕೂಡ 1 ಎಂಎಂ ಒಳಗೇ ನಿಲ್ಲುತ್ತದೆ. ಹಲಗೆಯ ಜಾತಿ ಬದಲಿಸುವುದಕ್ಕಿಂತ ಖಾನೆಯ ಅಗಲ ತಗ್ಗಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಎಂಡಿಎಫ್‌ನಲ್ಲಿ 24 ಇಂಚು, ಪ್ಲೈವುಡ್‌ನಲ್ಲಿ 32 ಇಂಚು ದಾಟಬಾರದು ಎಂದು ಆಚಾರಿಗೆ ಮೊದಲೇ ಹೇಳಿಡಿ. ಅಗಲ ಇಟ್ಟೇ ಆಗಬೇಕೆಂದಿದ್ದರೆ ಅಡ್ಡಹಲಗೆಯ ಮುಂದಿನ ಅಂಚಿಗೆ ಒಂದೂವರೆ ಇಂಚು ಎತ್ತರದ ಗಟ್ಟಿ ಮರದ ಪಟ್ಟಿಯನ್ನು ಅಂಟು ಹಾಕಿ, ಸ್ಕ್ರೂ ಹೊಡೆದು ಕೂರಿಸಿ. ತಗ್ಗುವುದು ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಪ್ಲೈವುಡ್ ಕತ್ತರಿಸುವಾಗ ಒಂದು ಎಚ್ಚರಿಕೆ. ಮೇಲ್ಪದರದ ನಾರು ಅಡ್ಡಹಲಗೆಯ ಉದ್ದಕ್ಕೆ, ಅಂದರೆ ಎಡದಿಂದ ಬಲಕ್ಕೆ ಹೋಗಬೇಕು. ತುಂಡು ಉಳಿಸಲೆಂದು ಅಡ್ಡ ಕತ್ತರಿಸಿದರೆ ಬಿಗಿ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಆಗ ಪ್ಲೈವುಡ್‌ಗೆ ಕೊಟ್ಟ ಹೆಚ್ಚಿನ ದುಡ್ಡು ದಂಡ.

ಬಾಗಿಲಿನ ವಿಷಯದಲ್ಲಿ ಎಂಡಿಎಫ್ ಮೇಲು

ಎಂಡಿಎಫ್‌ಗೆ ನಾರಿನ ದಿಕ್ಕು ಇಲ್ಲ. ಹಾಗಾಗಿ 80 ಇಂಚಿನ ಬಾಗಿಲು ಸಮತಟ್ಟಾಗಿ ನಿಲ್ಲುತ್ತದೆ. ಪೈಂಟ್ ಹೊಡೆಯುವುದಿದ್ದರೆ, ಗ್ರೂವ್ ಕೊರೆಯುವುದಿದ್ದರೆ ಇದಕ್ಕೆ ಸಾಟಿಯಿಲ್ಲ. ಪ್ಲೈವುಡ್‌ನಲ್ಲಿ ಗ್ರೂವ್ ಕೊರೆದರೆ ಪದರ ಪದರ ಹೊರಗೆ ಕಾಣುತ್ತದೆ. ಉದ್ದನೆಯ ಪ್ಲೈವುಡ್ ಬಾಗಿಲು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮೂಲೆ ಎದ್ದು ನಿಂತದ್ದನ್ನು ಬೇಕಾದಷ್ಟು ಮನೆಗಳಲ್ಲಿ ನೋಡಬಹುದು. ಹೆಚ್ಚಿನ ಕಡೆ ತಪ್ಪು ಒಂದೇ: ಹೊರಗೆ 1 ಎಂಎಂ ಮೈಕಾ ಹಾಕಿ ಒಳಬದಿಗೆ ಬರೇ ಬಣ್ಣ ಬಳಿದಿರುತ್ತಾರೆ. ಮೈಕಾ ಇಲ್ಲದ ಬದಿ ತೇವ ಎಳೆದು ಹಿಗ್ಗುತ್ತದೆ, ಬಾಗಿಲು ಬಿಲ್ಲಾಗುತ್ತದೆ. ಪ್ಲೈವುಡ್ ಇರಲಿ, ಎಂಡಿಎಫ್ ಇರಲಿ, ಒಳಗೂ 0.8 ಎಂಎಂ ಮೈಕಾ ಬೇಕೇ ಬೇಕು.

ಎಂಡಿಎಫ್ ಬಾಗಿಲಿನ ತೊಂದರೆ ತೂಕ. 24 ಇಂಚು ಅಗಲ, 80 ಇಂಚು ಎತ್ತರ, 18 ಎಂಎಂ ದಪ್ಪದ ಬಾಗಿಲು ಸುಮಾರು 16 ಕೆಜಿ ಬರುತ್ತದೆ, ಪ್ಲೈವುಡ್ ಆದರೆ 13ರ ಆಸುಪಾಸು, ಎಚ್‌ಡಿಎಚ್‌ಎಂಆರ್ ಆದರೆ 18 ದಾಟುತ್ತದೆ. ಎಂಡಿಎಫ್‌ಗೆ ನಾಲ್ಕು, ಎಚ್‌ಡಿಎಚ್‌ಎಂಆರ್‌ಗೆ ಐದು ಹಿಂಜ್ ಹಾಕಿ. ಮೂರರಲ್ಲಿ ಮುಗಿಸಿದರೆ ಮೇಲಿನ ಹಿಂಜ್‌ನ ಸ್ಕ್ರೂ ಮೊದಲು ಸಡಿಲಾಗುತ್ತದೆ.

ಅಂಗಡಿಯಲ್ಲಿ ಏನು ಕೇಳಬೇಕು

ಐಎಸ್ 303 ಎಂಬ ಮುದ್ರೆ ನೋಡಿ ಸಮಾಧಾನ ಪಡಬೇಡಿ. ಅದೇ ನಂಬರಿನಡಿ ಎಂಆರ್ ದರ್ಜೆಯೂ ಬರುತ್ತದೆ, ಬಿಡಬ್ಲ್ಯೂಆರ್ ದರ್ಜೆಯೂ ಬರುತ್ತದೆ. ಎಂಆರ್ ಗಾಳಿಯ ತೇವಕ್ಕೆ ಮಾತ್ರ, ಬಿಡಬ್ಲ್ಯೂಆರ್ ಕುದಿನೀರಿಗೂ ತಡೆಯುವ ಅಂಟಿನದು. ನಮ್ಮ ಕರಾವಳಿಯ ಕಪಾಟಿಗೆ ಬಿಡಬ್ಲ್ಯೂಆರ್ ಎಂದು ಬರೆದದ್ದೇ ಆಗಬೇಕು. ಐಎಸ್ 710 ಎಂಬುದು ಮರೈನ್ ಪ್ಲೈವುಡ್, 72 ಗಂಟೆ ಕುದಿಸುವ ಪರೀಕ್ಷೆ ಅದಕ್ಕೆ. ಅಡುಗೆಮನೆಯ ಸಿಂಕಿನ ಕೆಳಗೆ ಅದು ಸರಿ. ಮಲಗುವ ಕೋಣೆಗೆ, ಬಚ್ಚಲಿನ ಗೋಡೆಗೆ ತಾಗಿದ ಕಪಾಟಲ್ಲದಿದ್ದರೆ, ಅಷ್ಟು ಬೇಡ. ಎಂಡಿಎಫ್‌ನ ನಂಬರ್ ಐಎಸ್ 12406. ಎಂಡಿಎಫ್ ಕೊಳ್ಳುವಾಗ ಇ1 ದರ್ಜೆ ಕೇಳಿ, ಅಂಟಿನ ಘಾಟು ವಾಸನೆ ಕಡಿಮೆ ಇರುತ್ತದೆ.

ನಮ್ಮಲ್ಲಿಗೆ ಬರುವ ಪ್ಲೈವುಡ್ ಬಹಳಷ್ಟು ಪೆರುಂಬಾವೂರಿನದು, ಒಳಗಿರುವುದು ರಬ್ಬರ್ ಮರ. ರಬ್ಬರ್ ಮರ ಎಂದ ಮಾತ್ರಕ್ಕೆ ಕೀಳಲ್ಲ, ಆದರೆ ಸರಿಯಾಗಿ ಔಷಧಿ ಮಾಡದಿದ್ದರೆ ಹುಳ ಬೀಳುತ್ತದೆ. ಸೂಜಿಮೊನೆಯಷ್ಟು ತೂತು, ಅದರ ಕೆಳಗೆ ಗೋಧಿಹಿಟ್ಟಿನಂಥ ನುಣುಪು ಪುಡಿ ಕಂಡರೆ ಅದೇ. ಶೀಟಿನ ನಾಲ್ಕೂ ಅಂಚು ನೋಡಿ: ಪದರಗಳ ನಡುವೆ ಟೊಳ್ಳು ಕಂಡರೆ ಬೇಡ ಅನ್ನಿ, ಆ ಜಾಗಕ್ಕೆ ಸ್ಕ್ರೂ ಬಿದ್ದರೆ ಹಿಡಿಯುವುದಿಲ್ಲ. ಮೂರು ಕಡೆ ದಪ್ಪ ಅಳೆಯಿರಿ. 18 ಎಂದು ಬಿಲ್ ಮಾಡಿ 16 ಚಿಲ್ಲರೆ ಕೊಡುವುದು ಹೊಸ ವಿಷಯವಲ್ಲ.

ಶೀಟಿನ ಲೆಕ್ಕ ಮತ್ತು ದುಡ್ಡಿನ ಲೆಕ್ಕ

ನಮ್ಮ ಕಪಾಟಿಗೆ 8×4 ಅಡಿಯ ಶೀಟು ಎಷ್ಟು ಬೇಕು? ನಿಲ್ಲಿಸುವ ಹಲಗೆ ನಾಲ್ಕು, ತಲಾ 80×22 ಇಂಚು; ಒಂದು ಶೀಟಿನಲ್ಲಿ ಎರಡು ಸಿಗುತ್ತವೆ, ಎರಡು ಶೀಟು ಆಯಿತು. ಮೇಲಿನದ್ದೂ ಕೆಳಗಿನದ್ದೂ 72×22, ಇವೆರಡೂ ಒಂದೇ ಶೀಟಿನಲ್ಲಿ. ಅಡ್ಡಹಲಗೆ 23×21 ಇಂಚಿನವು, ನಾರು ಉದ್ದಕ್ಕೇ ಬರುವಂತೆ ಕತ್ತರಿಸಿದರೂ ಒಂದು ಶೀಟಿನಲ್ಲಿ ಎಂಟು ಬರುತ್ತವೆ. ಪೆಟ್ಟಿಗೆಗೆ ಒಟ್ಟು ನಾಲ್ಕು ಶೀಟು. ಬಾಗಿಲು ಮೂರಕ್ಕೆ ಎರಡು ಶೀಟು, ಅರ್ಧ ಶೀಟು ಉಳಿಯುತ್ತದೆ. ಬೆನ್ನಿಗೆ 6 ಎಂಎಂ ಎರಡು ಶೀಟು. ಬೆನ್ನಿನ ಜೋಡಣೆಗಳು ನಿಲ್ಲಿಸಿದ ಹಲಗೆಯ ಮೇಲೆಯೇ ಬರಲಿ. ಡ್ರಾಯರ್ ಬೇಕಿದ್ದರೆ ಅದು ಬೇರೆ.

ದರ ಊರಿಂದೂರಿಗೆ, ಕಂಪೆನಿಯಿಂದ ಕಂಪೆನಿಗೆ ಬೇರೆ. ಲೆಕ್ಕಕ್ಕೆಂದು ಚದರಡಿಗೆ 18 ಎಂಎಂ ಬಿಡಬ್ಲ್ಯೂಆರ್ 95 ರೂಪಾಯಿ, ಎಂಡಿಎಫ್ 55, ಎಚ್‌ಡಿಎಚ್‌ಎಂಆರ್ 80, ಬೆನ್ನಿನ ಹಲಗೆ ಪ್ಲೈವುಡ್ 50, ಎಂಡಿಎಫ್ 25 ಎಂದು ಹಿಡಿಯೋಣ. ನಿಮ್ಮ ಅಂಗಡಿಯವರು ಹೇಳಿದ ದರವನ್ನು, ಜಿಎಸ್‌ಟಿ ಸೇರಿಸಿ, ಇದೇ ಜಾಗಕ್ಕೆ ಹಾಕಿ ನೋಡಿ.

ಎಲ್ಲವೂ ಪ್ಲೈವುಡ್ ಆದರೆ ಹಲಗೆಗೆ 21,440 ರೂಪಾಯಿ. ಎಲ್ಲವೂ ಎಂಡಿಎಫ್ ಆದರೆ 12,160. ಪೆಟ್ಟಿಗೆ ಮತ್ತು ಬೆನ್ನು ಪ್ಲೈವುಡ್, ಬಾಗಿಲು ಮಾತ್ರ ಎಚ್‌ಡಿಎಚ್‌ಎಂಆರ್ ಆದರೆ 20,480. ಬಾಗಿಲಿಗೆ ಮಾಮೂಲಿ ಎಂಡಿಎಫ್ ಹಾಕಿದರೆ 18,880.

ಹಲಗೆಯ ಬಿಲ್ ನೋಡಿದರೆ ಎಂಡಿಎಫ್ ಹೆಚ್ಚುಕಡಿಮೆ ಅರ್ಧ ಬೆಲೆಗೆ ಬಂದಂತೆ ಕಾಣುತ್ತದೆ. ಆದರೆ ಮೈಕಾ, ಅಂಟು, ಹಿಂಜ್, ಹಿಡಿಕೆ, ಕೂಲಿ ಎಲ್ಲ ಸೇರಿ 32,000 ಎಂದಿಟ್ಟುಕೊಂಡರೆ ಆ ಖರ್ಚು ಎರಡಕ್ಕೂ ಒಂದೇ. ಕಪಾಟು ಎದ್ದು ನಿಲ್ಲುವಾಗ ಒಂದಕ್ಕೆ 53,440, ಇನ್ನೊಂದಕ್ಕೆ 44,160. ಅಂದರೆ ಉಳಿತಾಯ ಶೇಕಡಾ 17ರಷ್ಟು. ಈ ಒಂಬತ್ತು ಸಾವಿರಕ್ಕಾಗಿ ಮುರಕಲ್ಲಿನ ಪಡುವಣ ಗೋಡೆಗೆ ಎಂಡಿಎಫ್ ಪೆಟ್ಟಿಗೆ ಒರಗಿಸುವುದು ಜಾಣತನವಲ್ಲ. ಫ್ಲಾಟಿನ ಎರಡನೇ ಮಹಡಿ, ಒಳಗೋಡೆ, ಬಾಡಿಗೆಗೆ ಕೊಡುವ ಮನೆ ಎಂದಾದರೆ ಮಾತು ಬೇರೆ. ಅಲ್ಲಿ ಕಾರ್ಖಾನೆಯಲ್ಲೇ ಎರಡೂ ಬದಿಗೆ ಲ್ಯಾಮಿನೇಟ್ ಆಗಿ ಬರುವ ಎಂಡಿಎಫ್ ತಂದರೆ ಮೈಕಾ ಮತ್ತು ಅದನ್ನು ಅಂಟಿಸುವ ಕೂಲಿಯೂ ಉಳಿಯುತ್ತದೆ. ಎಂಡಿಎಫ್‌ನ ನಿಜವಾದ ಉಳಿತಾಯ ಇರುವುದು ಅಲ್ಲಿ. ಒಂದು ಷರತ್ತು: ಅಂಚಿನ ಪಟ್ಟಿಯನ್ನು ಮೆಷಿನ್‌ನಲ್ಲೇ ಹಾಕಿಸಬೇಕು. ಇಸ್ತ್ರಿಪೆಟ್ಟಿಗೆಯಲ್ಲಿ ಅಂಟಿಸಿದ ಪಟ್ಟಿ ಮೂಲೆಯಲ್ಲಿ ಬೇಗ ಏಳುತ್ತದೆ.

ಕೆಲಸದ ಕ್ರಮ

ಹಲಗೆ ಬಂದ ಕೂಡಲೇ ನೆಲಕ್ಕೆ ಹಾಕಬೇಡಿ, ಗೋಡೆಗೂ ಒರಗಿಸಬೇಡಿ. ಎರಡು ಇಂಚು ಎತ್ತರದ ಮೂರು ರೀಪಿನ ಮೇಲೆ ಮಟ್ಟವಾಗಿ ಮಲಗಿಸಿ, ಎರಡು ಮೂರು ದಿನ ಅದೇ ಕೋಣೆಯಲ್ಲಿ ಬಿಡಿ. ಆಯ್ಕೆ ಇದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಬೇಡ. ಒದ್ದೆ ಗಾಳಿಯಲ್ಲಿ ಅಂಟಿಸಿದ ಮೈಕಾ ಡಿಸೆಂಬರ್‌ನಲ್ಲಿ ಅಂಚು ಬಿಡುತ್ತದೆ.

ಬುಡದ ಕಟ್ಟೆಯನ್ನು ಹಲಗೆಯಲ್ಲಿ ಮಾಡಿಸದೆ ಕಲ್ಲು ಸಿಮೆಂಟಿನಲ್ಲಿ 4 ಇಂಚು ಎತ್ತರಕ್ಕೆ ಕಟ್ಟಿಸಿ, ಮೇಲೆ ಗ್ರಾನೈಟ್ ಅಥವಾ ಟೈಲ್ಸ್ ಹಾಕಿಸಿ. ನೆಲ ಒರೆಸುವ ನೀರು ಹಲಗೆಯನ್ನು ಮುಟ್ಟುವುದು ಇದರಿಂದಲೇ ನಿಲ್ಲುತ್ತದೆ. ಕಟ್ಟುವ ಮೊದಲು ಗೋಡೆ ಮತ್ತು ನೆಲ ಸೇರುವ ಮೂಲೆಗೆ ಗೆದ್ದಲಿನ ಔಷಧಿ ಹಾಕಿಸಿ. ಗೆದ್ದಲಿಗೆ ಪ್ಲೈವುಡ್, ಎಂಡಿಎಫ್ ಎಂಬ ಭೇದವಿಲ್ಲ.

ಎಂಡಿಎಫ್ ಕತ್ತರಿಸುವುದಾದರೆ ಹೊರಗೆ, ಮಾಸ್ಕ್ ಹಾಕಿಕೊಂಡು. ಆ ಧೂಳು ತೀರಾ ಸಣ್ಣದು, ಕೋಣೆಯಲ್ಲಿ ವಾರಗಟ್ಟಲೆ ಕೂರುತ್ತದೆ. ಕತ್ತರಿಸಿದ ಮೇಲೆ ಅಂಚನ್ನು 180 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ಪಿಯು ಸೀಲರನ್ನು ಎರಡು ಕೋಟು ಕೊಡಿ. ಮೊದಲ ಕೋಟನ್ನು ಅಂಚು ಪೂರ್ತಿ ಕುಡಿದುಬಿಡುತ್ತದೆ, ಎರಡನೆಯದರಲ್ಲಿ ಮುಚ್ಚುತ್ತದೆ. ಕಾಣುವ ಅಂಚಿಗೆ ಇದರ ಮೇಲೆ 2 ಎಂಎಂ ಪಿವಿಸಿ ಪಟ್ಟಿ, ಕಾಣದ ಅಂಚಿಗೆ ಸೀಲರ್ ಅಷ್ಟೇ ಸಾಕು, ಆದರೆ ಅದನ್ನು ತಪ್ಪಿಸುವ ಹಾಗಿಲ್ಲ. ಹಿಂಜ್‌ಗೆಂದು ಕೊರೆದ 35 ಎಂಎಂ ಗುಂಡಿಯೊಳಗೂ ಬ್ರಶ್ ಹೋಗಬೇಕು. ಪ್ಲೈವುಡ್‌ನ ಕೆಳಅಂಚಿಗೂ ಇದೇ ಉಪಚಾರ.

ಎಂಡಿಎಫ್‌ನ ಅಂಚಿಗೆ ಸ್ಕ್ರೂ ಹೊಡೆಯುವಾಗ ತೂತು ಕೊರೆಯದೆ ಹೊಡೆದರೆ ಸಡಿಲವಾದ ನಡುಭಾಗ ಸೀಳಿ ಎರಡಾಗುತ್ತದೆ. 4 ಎಂಎಂ ಸ್ಕ್ರೂಗೆ 3 ಎಂಎಂ ತೂತು ಮೊದಲು ಕೊರೆಯಿರಿ, ಮೂಲೆಯಿಂದ ಒಂದು ಇಂಚಿಗಿಂತ ಹತ್ತಿರ ಹೋಗಬೇಡಿ, ಡ್ರಿಲ್‌ನ ವೇಗ ತಗ್ಗಿಸಿ ಕೊನೆಯ ಸುತ್ತು ಕೈಯಲ್ಲೇ ಬಿಗಿ ಮಾಡಿ. ಒಮ್ಮೆ ತಿರುಗಿಹೋದ ತೂತಿಗೆ ಅದೇ ಸ್ಕ್ರೂ ಮತ್ತೆ ಹಿಡಿಯುವುದಿಲ್ಲ. 8 ಎಂಎಂ ಮರದ ಗೂಟ ಅಂಟು ಹಾಕಿ ಕೂರಿಸಿ, ಮರುದಿನ ಅದಕ್ಕೆ ಹೊಸ ತೂತು.

ಪೆಟ್ಟಿಗೆಯನ್ನು ನಿಲ್ಲಿಸುವಾಗ ಬೆನ್ನಿಗೂ ಗೋಡೆಗೂ ನಡುವೆ ಒಂದು ಇಂಚು ಜಾಗ ಬಿಡಿ, ಮೇಲ್ಗಡೆ ಆ ಜಾಗವನ್ನು ಬೀಡಿಂಗ್ ಹೊಡೆದು ಮುಚ್ಚಬೇಡಿ. ಗಾಳಿ ಆಡದಿದ್ದರೆ ಬೆನ್ನಿನ ಹಲಗೆ ಎಷ್ಟು ಒಳ್ಳೆಯದಾದರೂ ಹಿಂದೆ ಬೂಷ್ಟು ಹಿಡಿಯುತ್ತದೆ. ಕಪಾಟು ಮುಂದಕ್ಕೆ ಮಗುಚದಂತೆ ಮೇಲೆ ಎರಡು ಎಲ್ ಕ್ಲಾಂಪು ಬೇಕು. ಮುರಕಲ್ಲು ಮೆದು, ಚಿಕ್ಕ ಪ್ಲಗ್ ಅದರಲ್ಲಿ ಕಳಚಿಕೊಳ್ಳುತ್ತದೆ. 80 ಎಂಎಂ ಉದ್ದದ ಪ್ಲಗ್ ಹಾಕಿಸಿ.

ಹಿಂಜ್ ಸ್ಟೇನ್‌ಲೆಸ್ ಸ್ಟೀಲಿನದೇ ಆಗಲಿ. ಕಡಲು ಹತ್ತಿರವಿರುವಲ್ಲಿ ನಿಕ್ಕಲ್ ಲೇಪನದ ಹಿಂಜ್‌ಗೆ ತುಕ್ಕು ಬೇಗ. ಬಾಗಿಲುಗಳ ನಡುವೆ 3 ಎಂಎಂ ಬಿಡಿ, ಅದಕ್ಕಿಂತ ಬಿಗಿಯಾಗಿ ಕೂರಿಸಿದರೆ ಜುಲೈಯಲ್ಲಿ ಒಂದಕ್ಕೊಂದು ಉಜ್ಜುತ್ತವೆ. ಮೊದಲ ಮಳೆಗಾಲ ಮುಗಿದು ಗಾಳಿ ಒಣಗಿದ ಮೇಲೆ, ನವೆಂಬರ್ ಹೊತ್ತಿಗೆ, ಹಿಂಜ್‌ನ ಸ್ಕ್ರೂಗಳನ್ನೆಲ್ಲ ಒಮ್ಮೆ ಬಿಗಿ ಮಾಡಿ ಬಾಗಿಲಿನ ಮಟ್ಟ ಸರಿಪಡಿಸಿಕೊಳ್ಳಿ. ಅದಕ್ಕೂ ಮೊದಲು, ಬಾಗಿಲು ತೇವದಲ್ಲಿ ಹಿಗ್ಗಿರುವಾಗ ಅಂಚು ಹೆರೆಸಿದರೆ ಬೇಸಿಗೆಯಲ್ಲಿ ಸಂದು ಬಾಯಿಬಿಡುತ್ತದೆ, ಹೆರೆದ ಜಾಗದಲ್ಲಿ ಸೀಲರೂ ಹೋಗಿರುತ್ತದೆ.